ರ‍್ಯಾಪಿಡ್ ಚೆಸ್‌ನಲ್ಲಿ ಎರಡು ನಿಮಿಷ ಎಲ್ಲಿ ಖರ್ಚು ಮಾಡಬೇಕು?

15+10 ಆಡೋರಿಗೆ ಒಂದು ಮಾತು. ಎಲ್ಲ ನಡೆಗೂ ಸಮನಾಗಿ ಯೋಚಿಸಬೇಡಿ. ಹೊಡೆದದ್ದಕ್ಕೆ ತಿರುಗಿ ಹೊಡೆಯೋದು ಒಂದೇ ದಾರಿಯಾದಾಗ ಥಟ್ಟನೆ ಆಡಿಬಿಡಿ. ಆದರೆ ಕೊನೆಯ ದೊಡ್ಡ ಕಾಯಿ ಬದಲಾಯಿಸೋ ಮುಂಚೆ ಕೈ ಕಟ್ಟಿ ಕೂರಿ. ಅದಾದ ಮೇಲೆ ರಾಜ ಮತ್ತು ಪಾನ್ ಮಾತ್ರ ಉಳಿಯುತ್ತವೆ, ತಪ್ಪಿದ್ದನ್ನು ಸರಿಪಡಿಸೋಕೆ ಆಗಲ್ಲ.

ಮೊನ್ನೆ ನಾನೇ ಎಡವಿದೆ. ನಾನು ಬಿಳಿ: ರಾಜ e4, ರೂಕ್ e5, ಪಾನ್ e3. ಕಪ್ಪು: ರಾಜ f7, ರೂಕ್ ಆಗಷ್ಟೇ e6ಗೆ ಬಂದಿತ್ತು. ಗಡಿಯಾರದಲ್ಲಿ ನಾಲ್ಕು ನಿಮಿಷ ಇತ್ತು. ಐದು ಸೆಕೆಂಡಲ್ಲಿ ರೂಕ್ ಹೊಡೆದೆ. ಎದುರಾಳಿ ರಾಜನಿಂದ ಹೊಡೆದು e6ಗೆ ಬಂದ. ಎರಡು ರಾಜರ ನಡುವೆ ಒಂದೇ ಮನೆ, ನಡೆ ನನ್ನದು. ಪಾನ್ ನನ್ನ ರಾಜನ ಹಿಂದೆಯೇ ಅಂಟಿಕೊಂಡಿದ್ದರಿಂದ ಸಮಯ ಕಳೆಯೋಕೆ ಬಿಡಿ ನಡೆ ಇಲ್ಲ. ಅಲ್ಲಿಗೆ ಆಟ ಡ್ರಾ.

ರಾಜನನ್ನ d5ಗೆ ಇಟ್ಟಿದ್ದರೆ? ಅವನು ರೂಕ್ ಹೊಡೆದರೆ ನನ್ನ ರಾಜ e5ಗೆ, ಅವನ ರಾಜ e7ಗೆ. ಆಗ ಪಾನ್ e4! ಈಗ ಸರಿಯಬೇಕಾದವನು ಅವನು, ಗೆಲುವು ನನ್ನದು. ಅವನು ಹೊಡೆಯದೆ ರೂಕ್ ಪಕ್ಕಕ್ಕೆ ಸರಿಸಿದರೆ ಹೋರಾಟ ಮುಂದುವರಿಯುತ್ತೆ, ಅಷ್ಟೇ.

ಹೀಗಾಗಿ ಬದಲಾವಣೆಗೆ ಮುಂಚೆ ನಾನೀಗ ಕೇಳಿಕೊಳ್ಳೋದು ಇಷ್ಟೇ: ಕಾಯಿಗಳು ಹೋದ ಮೇಲೆ ರಾಜರು ಎಲ್ಲಿ ನಿಲ್ತಾರೆ, ನಡೆ ಯಾರದು, ಒಂದು ಬಿಡಿ ಪಾನ್ ನಡೆ ಉಳಿದಿದೆಯಾ? ಇದಕ್ಕೆ ಎರಡು ನಿಮಿಷ ಸಾಕು. ಒಂದು ನಿಮಿಷಕ್ಕಿಂತ ಕಡಿಮೆ ಇದ್ದರೆ ಮಾತ್ರ ರೂಕ್‌ಗಳನ್ನ ಬೋರ್ಡ್ ಮೇಲೇ ಉಳಿಸಿಕೊಳ್ತೀನಿ.