ಕೂಪನ್ ನಡುವೆ ಕೊಂಡ ಬಾಂಡು, ನನ್ನದಲ್ಲದ ಬಡ್ಡಿಯ ಮೇಲಿನ ತೆರಿಗೆ

2024ರ ಆಗಸ್ಟ್‌ನಲ್ಲಿ ನಾನು ಕೇಂದ್ರ ಸರ್ಕಾರದ ಸಾಲಪತ್ರವೊಂದನ್ನು ಕೊಂಡೆ. 2034ರ ಏಪ್ರಿಲ್ 8ಕ್ಕೆ ಮುಗಿಯುವ, ವರ್ಷಕ್ಕೆ ಶೇ 7.10 ಬಡ್ಡಿಯ ಬಾಂಡ್ ಅದು. ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯ ಮೂಲಕ ಕೊಂಡಿದ್ದು, ಮುಖಬೆಲೆ ಹತ್ತು ಲಕ್ಷ ರೂಪಾಯಿ. ನೂರಕ್ಕೆ 101.60 ರೂಪಾಯಿಯಂತೆ ಬೆಲೆ ಕುದುರಿತು. ಹಾಗಾದರೆ ನಾನು ಕೊಡಬೇಕಾದದ್ದು 10,16,000 ರೂಪಾಯಿ. ಖಾತೆಯಿಂದ ಹೋದದ್ದು 10,42,625. ನಡುವಿನ 26,625 ರೂಪಾಯಿ ಶುಲ್ಕವಲ್ಲ, ದಲ್ಲಾಳಿ ಹಣವೂ ಅಲ್ಲ. ಮಾರಿದವರ ಪಾಲಿನ ಬಡ್ಡಿ. ಆ ಮೊತ್ತಕ್ಕೆ ತೆರಿಗೆಯ ಲೆಕ್ಕದಲ್ಲಿ ಏನು ಸ್ಥಾನ ಎಂಬುದನ್ನು ರಿಟರ್ನ್ ತುಂಬುವ ಮೊದಲು ಕೂತು ಓದಿ, ನಮ್ಮ ಆಡಿಟರ್ ಜೊತೆ ವಾದಿಸಿ, ಒಂದು ತೀರ್ಮಾನಕ್ಕೆ ಬಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 26,625 ಬಂದ ಬಗೆ. ಈ ಬಾಂಡಿನ ಬಡ್ಡಿ, ಅಂದರೆ ಕೂಪನ್, ವರ್ಷಕ್ಕೆ ಎರಡು ಸಲ, ಏಪ್ರಿಲ್ 8 ಮತ್ತು ಅಕ್ಟೋಬರ್ 8ರಂದು ಬರುತ್ತದೆ. ಹತ್ತು ಲಕ್ಷಕ್ಕೆ ಪ್ರತಿ ಸಲ 35,500. ಆ ದಿನ ಬಾಂಡ್ ಯಾರ ಹೆಸರಿನಲ್ಲಿದೆಯೋ ಅವರಿಗೇ ಪೂರ್ತಿ ಹಣ ಸಲ್ಲುತ್ತದೆ; ಎಷ್ಟು ದಿನದಿಂದ ಇಟ್ಟುಕೊಂಡಿದ್ದಾರೆ ಎಂದು ಸರ್ಕಾರ ಕೇಳುವುದಿಲ್ಲ. ನನ್ನ ಖರೀದಿ ಚುಕ್ತಾ ಆದದ್ದು ಆಗಸ್ಟ್ 23ರಂದು. ಸರ್ಕಾರಿ ಸಾಲಪತ್ರಗಳಲ್ಲಿ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಎಂದು ಎಣಿಸುವುದು ರೂಢಿ. ಏಪ್ರಿಲ್ 8ರಿಂದ ಆಗಸ್ಟ್ 8ರವರೆಗೆ 120 ದಿನ, ಅಲ್ಲಿಂದ 23ರವರೆಗೆ 15 ದಿನ, ಒಟ್ಟು 135. ಅರ್ಧ ವರ್ಷದ 180 ದಿನಗಳಲ್ಲಿ ಅದು ಮುಕ್ಕಾಲು ಪಾಲು. 35,500ರ ಮುಕ್ಕಾಲು 26,625. ಅಷ್ಟು ದಿನ ಬಾಂಡ್ ಇಟ್ಟುಕೊಂಡಿದ್ದವರಿಗೆ ನಾನು ಅದನ್ನು ಮುಂಗಡವಾಗಿ ಕೊಟ್ಟೆ. ಅಕ್ಟೋಬರ್ 8ರಂದು 35,500 ನನ್ನ ಖಾತೆಗೆ ಬಂತು. ಉಳಿದ 45 ದಿನಗಳಿಗೆ ನಾನು ನಿಜವಾಗಿ ಗಳಿಸಿದ್ದು 8,875.

ವ್ಯವಹಾರವಾಗಿ ನೋಡಿದರೆ ಎಲ್ಲವೂ ಸರಿಯಾಗಿದೆ. ತೊಡಕು ಇರುವುದು ತೆರಿಗೆಯಲ್ಲಿ. ಶೇ 30ರ ಸ್ಲ್ಯಾಬಿನಲ್ಲಿರುವವನಿಗೆ 8,875ರ ಮೇಲೆ, ಶೇ 4 ಸೆಸ್ ಸೇರಿ, ತೆರಿಗೆ 2,769. ಪೂರ್ತಿ 35,500 ನನ್ನ ಆದಾಯ ಎಂದಾದರೆ 11,076. ಅಂದರೆ ಆ ಅವಧಿಯಲ್ಲಿ ಗಳಿಸಿದ ಬಡ್ಡಿಗಿಂತ ತೆರಿಗೆಯೇ ಹೆಚ್ಚು. ಇಂಥ ಫಲಿತಾಂಶ ಬಂದರೆ ಲೆಕ್ಕ ತಪ್ಪಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ನಮ್ಮ ಕಾನೂನು ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ, ಮತ್ತು ಅದನ್ನು ಹೇಳಿಸಿದ ಪ್ರಕರಣ ನಮ್ಮ ಕರಾವಳಿಯದೇ.

ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಜಯಲಕ್ಷ್ಮಿ ಬ್ಯಾಂಕಿನ ಆಸ್ತಿ ಮತ್ತು ಹೊಣೆಗಳನ್ನು ವಹಿಸಿಕೊಂಡಾಗ ಅದರೊಂದಿಗೆ ಸಾಲಪತ್ರಗಳೂ ಬಂದವು. ಮಾರುಕಟ್ಟೆಯಿಂದಲೂ ಕೆಲವನ್ನು ಕೊಂಡಿತ್ತು. ಎರಡಕ್ಕೂ ಕೊಟ್ಟ ಬೆಲೆಯಲ್ಲಿ ಅದುವರೆಗೆ ಕೂಡಿದ ಬಡ್ಡಿ ಸೇರಿತ್ತು. ಆ ಭಾಗವನ್ನು ಬಡ್ಡಿ ಆದಾಯದಿಂದ ಕಳೆಯಬೇಕು ಎಂಬುದು ಬ್ಯಾಂಕಿನ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಡ್ಡಿ ತರುವ ಆಸ್ತಿಯನ್ನು ಕೊಳ್ಳಲು ಕೊಟ್ಟ ಹಣ ಬಂಡವಾಳ ವೆಚ್ಚ. ಬೆಲೆಯನ್ನು ಎರಡಾಗಿ ಸೀಳಿ ಒಂದು ಹೋಳನ್ನು ಆದಾಯದಿಂದ ಕಳೆಯಲಾಗದು ಎಂದಿತು. 1991ರಲ್ಲಿ ವರದಿಯಾದ ಈ ತೀರ್ಪನ್ನು ತೆರಿಗೆ ಅಧಿಕಾರಿಗಳು ಇಂದಿಗೂ ಎತ್ತಿ ಹೇಳುತ್ತಾರೆ.

ಬ್ಯಾಂಕುಗಳು ಸುಮ್ಮನಿರಲಿಲ್ಲ. ಸಾಲಪತ್ರ ನಮಗೆ ವ್ಯಾಪಾರದ ಸರಕು, ಸರಕು ಕೊಳ್ಳಲು ಕೊಟ್ಟದ್ದೆಲ್ಲ ವ್ಯಾಪಾರದ ಖರ್ಚು ಎಂದು ವಾದಿಸುತ್ತಲೇ ಬಂದವು. 2024ರ ಅಕ್ಟೋಬರ್ 16ರಂದು ಬ್ಯಾಂಕ್ ಆಫ್ ರಾಜಸ್ಥಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು: ವ್ಯಾಪಾರದ ಸರಕಾಗಿ ಇಟ್ಟುಕೊಂಡ ಸಾಲಪತ್ರಕ್ಕೆ ಕೊಟ್ಟ ಇಂಥ ಬಡ್ಡಿಯನ್ನು ಬ್ಯಾಂಕು ಕಳೆಯಬಹುದು, ಹೂಡಿಕೆಯಾಗಿ ಇಟ್ಟುಕೊಂಡದ್ದಕ್ಕೆ ಆ ಸೌಲಭ್ಯವಿಲ್ಲ. ಸುದ್ದಿ ಬಂದಾಗ ನನಗೆ ಪರಿಚಯದ ಕೆಲವರು ‘ಇನ್ನು ಎಲ್ಲರಿಗೂ ಸಿಗುತ್ತದೆ’ ಎಂದು ಸಂತೋಷಪಟ್ಟರು. ನಾನು ಹಾಗೆ ಓದಲಿಲ್ಲ. ಬಾಂಡ್ ಕೊಂಡು ಬಡ್ಡಿಗಾಗಿ ಇಟ್ಟುಕೊಳ್ಳುವ ನಮ್ಮಂಥವರು ಹೂಡಿಕೆದಾರರು. ಗೆದ್ದ ಬ್ಯಾಂಕಿನ ಸಾಲಿಗಿಂತ ಸೋತ ವಿಜಯಾ ಬ್ಯಾಂಕಿನ ಸಾಲಿಗೇ ನಾವು ಹತ್ತಿರ.

ಇದಕ್ಕೆ ಎದುರು ವಾದವೂ ಇದೆ, ಮತ್ತು ಅದು ಹಗುರವಾದದ್ದಲ್ಲ. ವಿಜಯಾ ಬ್ಯಾಂಕ್ ತೀರ್ಪು ಬಂದದ್ದು ‘ಸಾಲಪತ್ರಗಳ ಬಡ್ಡಿ’ ಎಂಬ ಪ್ರತ್ಯೇಕ ಆದಾಯ ಶೀರ್ಷಿಕೆಯ ಕೆಳಗೆ. ಆ ಶೀರ್ಷಿಕೆ 1989ರ ಏಪ್ರಿಲ್‌ನಿಂದಲೇ ಕಾಯ್ದೆಯಲ್ಲಿಲ್ಲ. ಈಗ ಬಡ್ಡಿ ಬರುವುದು ‘ಇತರ ಮೂಲಗಳ ಆದಾಯ’ದಲ್ಲಿ, ಅಲ್ಲಿ 1961ರ ಕಾಯ್ದೆಯ 57(iii) ಕಲಂ ಆದಾಯ ಗಳಿಸಲು ಮಾಡಿದ ಖರ್ಚನ್ನು ಕಳೆಯಲು ಬಿಡುತ್ತದೆ. ಇದನ್ನು ನಂಬಿ 8,875 ಮಾತ್ರ ತೋರಿಸುವವರಿದ್ದಾರೆ. ನನ್ನ ಆಡಿಟರ್ ಬೆರಳಿಟ್ಟು ತೋರಿಸಿದ್ದು ಅದೇ ಕಲಮಿನ ಒಳಗಿರುವ ಮಾತನ್ನು: ಬಂಡವಾಳ ಸ್ವರೂಪದ ಖರ್ಚಿಗೆ ಈ ಕಡಿತ ಇಲ್ಲ. ಕೊಟ್ಟದ್ದು ಬಂಡವಾಳ ವೆಚ್ಚ ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟ ಮೇಲೆ ಶೀರ್ಷಿಕೆ ಬದಲಾದರೂ ಬಾಗಿಲು ಮುಚ್ಚಿಯೇ ಇದೆ. ನನಗೆ ಈ ಓದು ಸರಿ ಎನಿಸಿತು.

ಹಾಗಾಗಿ ರಿಟರ್ನಿನಲ್ಲಿ ಪೂರ್ತಿ 35,500 ರೂಪಾಯಿಯನ್ನೂ ಬಡ್ಡಿ ಆದಾಯವೆಂದು ತೋರಿಸಿದೆ. ಬಾಂಡಿನ ಕೊಳ್ಳುವ ಬೆಲೆ 10,16,000 ಅಲ್ಲ, 10,42,625 ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಇದರ ಎರಡನೆಯ ಭಾಗವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೊಟ್ಟ ಬಡ್ಡಿ ಬಂಡವಾಳ ವೆಚ್ಚ ಎಂದಾದರೆ ಅದು ಕೊಳ್ಳುವ ಬೆಲೆಯ ಭಾಗ. ಮಾರುವ ದಿನ ಲಾಭದಿಂದ ಕಳೆಯುವ ಹಕ್ಕು ಇದ್ದೇ ಇದೆ. ಬಡ್ಡಿಯಿಂದಲೂ ಕಳೆಯದೆ, ಬೆಲೆಗೂ ಸೇರಿಸದೆ ಹೋದರೆ ಆ ಹಣ ಎರಡೂ ಕಡೆ ಕಳೆದುಹೋಯಿತು. ಎರಡೂ ಕಡೆ ಲೆಕ್ಕ ಹಿಡಿದರೆ ಅದು ಸುಳ್ಳು ಲೆಕ್ಕ.

ಈ ದಾರಿ ಹಿಡಿಯಲು ಇನ್ನೊಂದು ಕಾರಣವೂ ಇತ್ತು. ನನ್ನ ಬಳಿ ಷೇರು ವಿನಿಮಯ ಕೇಂದ್ರದಲ್ಲಿ ಕೊಂಡ ಕೆಲವು ಕಂಪನಿ ಡಿಬೆಂಚರುಗಳೂ ಇವೆ. ಅಲ್ಲಿ ಷೇರಿನಂತೆ ವಹಿವಾಟಾಗುವ ಡಿಬೆಂಚರುಗಳ ಬೆಲೆಯಲ್ಲೇ ಕೂಡಿದ ಬಡ್ಡಿ ಅಡಗಿರುತ್ತದೆ. ಕಾಂಟ್ರ್ಯಾಕ್ಟ್ ನೋಟಿನಲ್ಲಿ ಬಡ್ಡಿಗೆಂದು ಬೇರೆ ಸಾಲಿಲ್ಲ, ಒಂದೇ ಬೆಲೆ. ಅವನ್ನು ಕೊಂಡವರೆಲ್ಲ ಗೊತ್ತಿದ್ದೋ ಇಲ್ಲದೆಯೋ ಪೂರ್ತಿ ಕೂಪನನ್ನು ಆದಾಯವೆಂದೂ ಪೂರ್ತಿ ಬೆಲೆಯನ್ನು ವೆಚ್ಚವೆಂದೂ ತೋರಿಸುತ್ತಲೇ ಬಂದಿದ್ದಾರೆ. ಒಂದೇ ರಿಟರ್ನಿನಲ್ಲಿ ಸರ್ಕಾರಿ ಬಾಂಡಿಗೊಂದು ನ್ಯಾಯ, ಡಿಬೆಂಚರಿಗೊಂದು ನ್ಯಾಯ ಮಾಡಲು ನನಗೆ ಮನಸ್ಸಾಗಲಿಲ್ಲ. ಡಿಬೆಂಚರಿನಲ್ಲಿ ಟಿಡಿಎಸ್ ಕೂಡ ಇದೆ: ಪಟ್ಟಿಯಾದ ಡಿಬೆಂಚರುಗಳಿಗಿದ್ದ ವಿನಾಯಿತಿ 2023ರ ಏಪ್ರಿಲ್‌ನಿಂದ ಹೋದ ಮೇಲೆ ಕಂಪನಿಗಳು ಪೂರ್ತಿ ಕೂಪನಿನ ಮೇಲೆ ಶೇ 10 ಹಿಡಿಯುತ್ತವೆ, ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲೂ ಪೂರ್ತಿ ಮೊತ್ತವೇ ಕಾಣುತ್ತದೆ. ಕಡಿಮೆ ತೋರಿಸಿದರೆ ವ್ಯತ್ಯಾಸ ಏಕೆಂಬ ಪ್ರಶ್ನೆ ಬರುತ್ತದೆ. ನಾನು ಕೊಂಡ ಸಾಲಪತ್ರದ ಬಡ್ಡಿಗೆ ಟಿಡಿಎಸ್ ಇಲ್ಲ.

ಬೆಲೆಗೆ ಸೇರಿಸಿದ 26,625 ಮುಂದೆ ಎಷ್ಟು ತೆರಿಗೆ ಉಳಿಸುತ್ತದೆ ಎಂಬುದು ಯಾವಾಗ ಮಾರುತ್ತೇನೆ ಎಂಬುದರ ಮೇಲಿದೆ. ಪಟ್ಟಿಯಾದ ಬಾಂಡನ್ನು ಹನ್ನೆರಡು ತಿಂಗಳ ಒಳಗೆ ಮಾರಿದರೆ ಲಾಭಕ್ಕೆ ನನ್ನ ಸ್ಲ್ಯಾಬಿನ ದರವೇ. ಆಗ ಕಟ್ಟಿದ ಹೆಚ್ಚುವರಿ 8,307 ರೂಪಾಯಿ, ಸಾಕಷ್ಟು ಬಂಡವಾಳ ಲಾಭವಿದ್ದರೆ, ಹೆಚ್ಚು ಕಡಿಮೆ ಪೂರ್ತಿ ವಾಪಸಾಗುತ್ತದೆ. ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡರೆ ದರ ಶೇ 12.5. ಆಗ ಅದೇ 26,625 ಉಳಿಸುವುದು ಸೆಸ್ ಸೇರಿ 3,461 ರೂಪಾಯಿ ಮಾತ್ರ. 2034ರವರೆಗೂ ಇಟ್ಟುಕೊಂಡರೆ ಕೈಗೆ ಬರುವುದು ಹತ್ತು ಲಕ್ಷ, ನಷ್ಟ 42,625. ಅದು ದೀರ್ಘಾವಧಿ ನಷ್ಟ. ದೀರ್ಘಾವಧಿ ಲಾಭದೆದುರು ಮಾತ್ರ ವಜಾ ಆಗುತ್ತದೆ, ಬಡ್ಡಿಯೆದುರು ಎಂದೂ ಇಲ್ಲ. ಎಂಟು ವರ್ಷದೊಳಗೆ ಅಂಥ ಲಾಭ ಬಾರದಿದ್ದರೆ ಅದೂ ಹೋಯಿತು. ಠೇವಣಿ ಮತ್ತು ಬಾಂಡುಗಳನ್ನು ಮಾತ್ರ ಇಟ್ಟುಕೊಂಡ ನಿವೃತ್ತರಿಗೆ ಈ ನಷ್ಟದಿಂದ ಕವಡೆ ಕಾಸಿನ ಉಪಯೋಗವಿಲ್ಲ. ಇದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಮಾರುವವರಿಗೆ ಇದೇ ನಿಯಮ ಅನುಕೂಲ. ಬಡ್ಡಿಯ ಹಕ್ಕು ಹುಟ್ಟುವುದು ಕೂಪನ್ ದಿನದಂದು, ದಿನದಿನಕ್ಕೆ ಅಲ್ಲ ಎಂದು ಬಾಂಬೆ ಹೈಕೋರ್ಟ್ 2012ರಲ್ಲಿ ಕ್ರೆಡಿಟ್ ಸ್ವಿಸ್ ಸಮೂಹದ ಸೈಪ್ರಸ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಡುವೆ ಮಾರಿದವರಿಗೆ ಸಿಕ್ಕ ಕೂಡಿದ ಬಡ್ಡಿಯೂ ಮಾರಾಟದ ಬೆಲೆಯೇ, ತೆರಿಗೆ ಬಂಡವಾಳ ಲಾಭದ ದರದಲ್ಲಿ. ಪ್ರತಿ ಸಲ ಕೂಪನಿಗೆ ಮುಂಚೆ ಮಾರಿ ಶೇ 30ರಿಂದ ಪಾರಾಗಬಹುದಲ್ಲ ಎಂದು ಒಬ್ಬ ಗೆಳೆಯರು ಕೇಳಿದರು. ಅದಕ್ಕೆಂದೇ 94ನೇ ಕಲಮಿನ ಎರಡನೇ ಉಪಕಲಂ ಇದೆ: ಇಂಥ ವಹಿವಾಟಿನಿಂದ ವರ್ಷದ ಬಡ್ಡಿ ದಿನಗಣನೆಯ ಬಡ್ಡಿಗಿಂತ ಕಡಿಮೆಯಾದರೆ ದಿನಗಣನೆಯದ್ದನ್ನೇ ಆದಾಯವೆಂದು ಅಧಿಕಾರಿ ಹಿಡಿಯಬಹುದು. ತೆರಿಗೆ ತಪ್ಪಿಸಿಲ್ಲ, ಅಥವಾ ತಪ್ಪಿಸಿದ್ದು ರೂಢಿಯಾಗಿ ಮಾಡಿದ್ದಲ್ಲ ಎಂದು ತೋರಿಸುವ ಹೊಣೆ ನಮ್ಮದು. ಹಣ ಬೇಕಾಗಿ ಒಮ್ಮೆ ಮಾರಿದವರು ಹೆದರಬೇಕಿಲ್ಲ.

ಈ ಲೆಕ್ಕದ ನಂತರ ನಾನು ಕೊಳ್ಳುವ ದಿನ ನೋಡಿ ಕೊಳ್ಳುತ್ತೇನೆ. ಇದೇ ಬಾಂಡನ್ನು ಅಕ್ಟೋಬರ್ 11ಕ್ಕೆ ಚುಕ್ತಾ ಆಗುವಂತೆ ಕೊಂಡರೆ ಕೂಡಿದ ಬಡ್ಡಿ ಮೂರು ದಿನದ್ದು, 591 ರೂಪಾಯಿ 67 ಪೈಸೆ. ಅದರ ಮೇಲಿನ ತೆರಿಗೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾಯುವ ನಡುವೆ ಬೆಲೆ ಏರಬಹುದು: ಹತ್ತು ಲಕ್ಷದ ಬಾಂಡಿನಲ್ಲಿ ನೂರಕ್ಕೆ 83 ಪೈಸೆ ಏರಿದರೆ 8,300 ರೂಪಾಯಿ, ಉಳಿಸಲು ಹೊರಟ ತೆರಿಗೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಕೂಪನಿಗೆ ಒಂದೆರಡು ವಾರ ಉಳಿದಿದ್ದರೆ ಕಾಯುತ್ತೇನೆ. ಮೂರು ತಿಂಗಳು ಉಳಿದಿದ್ದರೆ ಅಷ್ಟೇ ಅವಧಿಯ, ಬೇರೆ ತಿಂಗಳಲ್ಲಿ ಬಡ್ಡಿ ಕೊಡುವ ಇನ್ನೊಂದು ಸರ್ಕಾರಿ ಬಾಂಡನ್ನು ಹುಡುಕುತ್ತೇನೆ. ಸಾಮಾನ್ಯವಾಗಿ ಸಿಗುತ್ತದೆ, ಇಳುವರಿಯಲ್ಲಿ ದೊಡ್ಡ ವ್ಯತ್ಯಾಸವೂ ಇರುವುದಿಲ್ಲ.

ಕೊಂಡ ದಿನವೇ ಚುಕ್ತಾ ದಿನಾಂಕ, ಮುಖಬೆಲೆ, ಬಾಂಡಿನ ಬೆಲೆ, ಕೊಟ್ಟ ಬಡ್ಡಿ, ಒಟ್ಟು ಹಣ ಈ ಐದನ್ನೂ ಒಂದು ಸಾಲಿನಲ್ಲಿ ಬರೆದಿಡುತ್ತೇನೆ, ವಹಿವಾಟಿನ ಚೀಟಿಯನ್ನು ಜೊತೆಗೆ ಸೇರಿಸುತ್ತೇನೆ. ಡಿಮ್ಯಾಟ್ ಹೇಳಿಕೆಯಲ್ಲಿ ಕಾಣುವುದು ಬಾಂಡುಗಳ ಸಂಖ್ಯೆ. ಹತ್ತು ವರ್ಷದ ಹಿಂದೆ ಕೊಟ್ಟ ಬಡ್ಡಿ ಎಷ್ಟೆಂದು ಅದು ಹೇಳುವುದಿಲ್ಲ. ಮೇಲೆ ಹೇಳಿದ ಕಲಂ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ, ಆದ್ದರಿಂದ ಅದರ ಅಡಿಯಲ್ಲಿ ರಿಟರ್ನ್ ತುಂಬುವವರು ಆಯಾ ಕಲಮನ್ನು ಅಲ್ಲಿಯೇ ನೋಡಿಕೊಳ್ಳಬೇಕು.