ಹುಡುಗನ ಬೆನ್ನ ಹಿಂದಿನ ಖಾಲಿ ಜಾಗ

ಗಂಗಾವತಿಯ ಗೆಳೆಯರೊಬ್ಬರ ಕಿರುಚಿತ್ರಕ್ಕೆ ಸ್ಟೋರಿಬೋರ್ಡ್ ಮಾಡಿಕೊಟ್ಟೆ, ಅಂದರೆ ಶೂಟಿಂಗ್‌ಗೆ ಮೊದಲೇ ಒಂದೊಂದು ಶಾಟನ್ನೂ ಒಂದೊಂದು ಪ್ಯಾನೆಲ್‌ನಲ್ಲಿ ಚಿತ್ರವಾಗಿ ಬರೆದುಕೊಟ್ಟೆ. ಅದರಲ್ಲಿ ಒಂದು ಸೀನ್ ಹೀಗಿದೆ: ನಡುರಾತ್ರಿ ತ್ರೀಫೇಸ್ ಕರೆಂಟ್ ಬಂದಿದೆ, ಮೋಟಾರ್ ಹಾಕೋಕೆ ಹುಡುಗನೊಬ್ಬ ಒಬ್ಬನೇ ಹೊಲಕ್ಕೆ ಹೊರಟಿದ್ದಾನೆ, ದಾರಿಯುದ್ದಕ್ಕೂ ಆನೆಗೊಂದಿ ಸೀಮೆಯ ಆ ದೊಡ್ಡ ದೊಡ್ಡ ಬಂಡೆಗಳು. ಅಲ್ಲಿ ಕರಡಿ ಇರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಸೀನ್‌ನಲ್ಲಿ ಒಂದು ಮಾತೂ ಇಲ್ಲ, ಕರಡಿಯೂ ಕಾಣಿಸಲ್ಲ.

ಹುಡುಗನ ಭಯ ತೋರಿಸೋಕೆ ಗೆಳೆಯರು ಕೇಳಿದ್ದು ಮುಖದ ಕ್ಲೋಸಪ್. ನಾನು ಬೇಡ ಅಂದೆ. ಕಣ್ಣರಳಿಸಿ ಬಾಯಿ ತೆರೆದ ಮುಖ ಬರೆದರೆ ಅದು ಆಶ್ಚರ್ಯದ ಹಾಗೂ ಕಾಣುತ್ತೆ. ಭಯ ಆದಾಗ ಹುಬ್ಬು ಮೇಲೇರುವುದರ ಜೊತೆಗೆ ಒಂದಕ್ಕೊಂದು ಹತ್ತಿರ ಬರುತ್ತವೆ, ತುಟಿ ಪಕ್ಕಕ್ಕೆ ಬಿಗಿಯಾಗುತ್ತೆ, ಆದರೆ ಅಂಗೈಯಗಲದ ಪ್ಯಾನೆಲ್‌ನಲ್ಲಿ ಪೆನ್ಸಿಲ್ ಗೀಟಿನಿಂದ ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಕಾಣಬೇಕು?

ಹಾಗಾಗಿ ಭಯವನ್ನು ಜಾಗದಲ್ಲಿ ತೋರಿಸಿದೆ. ಹುಡುಗ ಎಡದಿಂದ ಬಲಕ್ಕೆ ನಡೆಯುತ್ತಾನೆ. ಮೊದಲ ಪ್ಯಾನೆಲ್‌ನಲ್ಲಿ ಅವನು ಎಡಗಡೆ ಇದ್ದಾನೆ, ಮುಂದೆ ದಾರಿ ಬಿಚ್ಚಿಕೊಂಡಿದೆ, ಎಲ್ಲ ಮಾಮೂಲಿ. ಎರಡನೆಯದರಲ್ಲಿ ಶಾಟ್ ಸೈಜ್ ಅದೇ, ನಡಿಗೆಯೂ ಅದೇ ಕಡೆಗೆ, ಆದರೆ ಹುಡುಗನನ್ನು ಬಲ ಅಂಚಿಗೆ ತಳ್ಳಿದೆ. ಮೂಗು ಫ್ರೇಮಿಗೆ ತಾಗುವಷ್ಟು. ಬೆನ್ನ ಹಿಂದೆ ಫ್ರೇಮಿನ ಮುಕ್ಕಾಲು ಭಾಗ ಬರೀ ಬಂಡೆ, ಕತ್ತಲೆ. ನೋಡುವವರ ಕಣ್ಣು ತಾನಾಗೇ ಆ ಖಾಲಿ ಜಾಗಕ್ಕೆ ಹೋಗಿ ಅಲ್ಲೇ ಕಾಯುತ್ತೆ. ಮೊದಲನೆಯದು ಮಾಮೂಲಿ ಇರಲೇಬೇಕು, ಇಲ್ಲದಿದ್ದರೆ ಎರಡನೆಯದು ಸುಮ್ನೆ ಕೆಟ್ಟ ಫ್ರೇಮಿಂಗ್ ಅನ್ನಿಸುತ್ತೆ.

ಮೂರನೆಯದು ಕೈಯ ಕ್ಲೋಸಪ್. ಬ್ಯಾಟರಿ ಹಿಡಿದ ಹೆಬ್ಬೆರಳಿನ ಉಗುರು ಬೆಳ್ಳಗಾಗಿದೆ. ಬೆಳಕಿನ ವೃತ್ತ ದಾರಿಯ ಮೇಲಿಲ್ಲ, ಅವನ ಪಾದದ ಹತ್ತಿರವೇ ಇದೆ. ಬಂಡೆಗಳ ಕಡೆ ಬೆಳಕು ಬಿಡೋಕೂ ಅವನಿಗೆ ಧೈರ್ಯ ಇಲ್ಲ, ಅಲ್ವಾ?

ಆಮೇಲೆ ನಾಲ್ಕನೆಯದು. ಬಂಡೆಯ ಮರೆಯಿಂದ ನೋಡಿದ ಹಾಗೆ, ಸಂದಿಯಲ್ಲಿ ಹುಡುಗ ಇಷ್ಟೇ ಇಷ್ಟು. ಇದನ್ನು ಮೊದಲೇ ಹಾಕುವವರು ಜಾಸ್ತಿ. ಆಗ ಅಲ್ಲಿ ಏನೋ ಇದೆ ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತೆ, ಹುಡುಗನಿಗೆ ಇನ್ನೂ ಗೊತ್ತಿರಲ್ಲ. ಹೆದರಿಕೆ ನಮ್ಮದಾಗುತ್ತೆ, ಅವನದಾಗಲ್ಲ. ಕೈ ತೋರಿಸಿದ ಮೇಲೆ ಬಂದರೆ ಅವನ ಅನುಮಾನವೇ ಕಣ್ಣೆದುರು ನಿಂತ ಹಾಗಿರುತ್ತೆ.

ರಾತ್ರಿ ಅಂತ ಎಲ್ಲವನ್ನೂ ಕಪ್ಪು ಬಳಿಯಲಿಲ್ಲ. ಕಪ್ಪು, ಬೂದು, ಬಿಳಿ, ಮೂರೇ. ಬಿಳಿ ಇರುವುದು ಬ್ಯಾಟರಿ ಬೆಳಕಿಗೆ ಮಾತ್ರ. ಪ್ಯಾನೆಲ್ ಫೋಟೋ ತೆಗೆದು ಮೊಬೈಲ್‌ನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಬಂಡೆ ಮತ್ತು ಹುಡುಗ ಒಂದೇ ಮುದ್ದೆಯಾಗಿ ಕಂಡರೆ ಅವನ ಹಿಂದಿನ ಬಂಡೆಯನ್ನು ಬೂದು ಮಾಡುತ್ತೇನೆ.

ಇನ್ನೊಂದು ವಿಷಯ. ಎರಡನೇ ಪ್ಯಾನೆಲ್ ನೋಡಿದ ಕ್ಯಾಮೆರಾದವರು ಅಭ್ಯಾಸಬಲದಿಂದ ಹುಡುಗನ ಮುಂದೆ ಜಾಗ ಬಿಟ್ಟು ಫ್ರೇಮ್ 'ಸರಿ' ಮಾಡಿಬಿಡುತ್ತಾರೆ. ಅದಕ್ಕೇ ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆದಿಟ್ಟೆ: 'ಮುಂದೆ ಜಾಗ ಬಿಡಬೇಡಿ, ಬೇಕಂತಲೇ ಹೀಗಿದೆ.'