ಬಾಟಲ್ ಬಿಡಿಸೋದಾ? ಹಗಲಿನದು ಮೊದಲು, ರಾತ್ರಿಯದು ಕೊನೆಗೆ

ನಮ್ಮ ಕಲಬುರಗಿ ಬಿಸಿಲಿಗೆ ಮಗು ನೀರು ಕೇಳುತ್ತಲೇ ಇರುತ್ತದೆ, ಅಲ್ವಾ? ಅದನ್ನೇ ಅಭ್ಯಾಸಕ್ಕೆ ಬಳಸಿಕೊಂಡೆ. ಸಣ್ಣ ಸ್ಟೀಲ್ ಲೋಟದಲ್ಲಿ ಎರಡೇ ಚಮಚ ನೀರು. ಅಂಚನ್ನು ಕೆಳತುಟಿಯ ಮೇಲಿಟ್ಟು, ನೀರು ತುಟಿಗೆ ತಾಗುವಷ್ಟೇ ಬಾಗಿಸಿ. ಬಾಯಿಗೆ ಸುರಿಯಬೇಡಿ, ಮಗುವೇ ಹೀರಲಿ. ಕೆಮ್ಮಿದರೆ ಲೋಟ ಜಾಸ್ತಿ ಬಾಗಿರಬಹುದು. ಮೊದಲ ವಾರ ನಮ್ಮವಳಿಗಿಂತ ಅವಳ ಅಂಗಿಯೇ ಜಾಸ್ತಿ ಕುಡಿಯಿತು!

ಸ್ಟ್ರಾ ಹೀರಲು ಬರದಿದ್ದರೆ ಅದನ್ನು ನೀರಿಗೆ ಅದ್ದಿ, ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿ ಎತ್ತಿ. ಮಗು ತುದಿಯನ್ನು ತುಟಿಯಲ್ಲಿ ಹಿಡಿದ ಮೇಲೆ ಬೆರಳು ಬಿಡಿ.

ನೀರು ರೂಢಿಯಾದ ಮೇಲೆ ಮಧ್ಯಾಹ್ನದ ಹಾಲನ್ನೂ ಲೋಟಕ್ಕೆ ತಂದೆ. ರಾತ್ರಿಯ ಬಾಟಲ್ ಕೊನೆಗೆ ಹೋಯಿತು. ಅದನ್ನು ಬಾಯಲ್ಲಿಟ್ಟುಕೊಂಡೇ ಮಲಗಿದರೆ ಹಲ್ಲು ಹುಳುಕಾಗುತ್ತದೆ. ಈಗ ಹಾಲು ಕುಡಿಸಿ, ಹಲ್ಲುಜ್ಜಿ, ಆಮೇಲೆ ಮಲಗಿಸುತ್ತೇನೆ.